ಶಾಂತಿ ಯಾರಿಗೆ?

ಜರ್ಮನಿಯ ಧರ್ಮಯುದ್ಧ ನಿಲ್ಲಿಸಿದ 1555ರ ಆಗ್ಸ್‌ಬರ್ಗ್ ಒಪ್ಪಂದವನ್ನ ಹೊಗಳೋರಿಗೆ ನನ್ನದೊಂದು ಪ್ರಶ್ನೆ: ಶಾಂತಿ ಸಿಕ್ಕಿದ್ದು ಯಾರಿಗೆ? ಕ್ಯಾಥೊಲಿಕ್ಕೋ ಲೂಥರನ್ನೋ ಅಂತ ಆರಿಸೋ ಹಕ್ಕು ದೊರೆಗೆ. ಪ್ರಜೆಗಳು ಅವನ ಹಿಂದೆ ಹೋಗಬೇಕು.

ಪಾಲಟಿನೇಟ್ ನಾಡನ್ನೇ ನೋಡಿ. 1556ರಲ್ಲಿ ಪಟ್ಟಕ್ಕೆ ಬಂದವನು ಲೂಥರನ್ ಪಂಥ ತಂದ. ಮುಂದಿನವನು, ಒಪ್ಪಂದದಲ್ಲಿ ಜಾಗವೇ ಇಲ್ಲದ ಕ್ಯಾಲ್ವಿನ್ ಪಂಥ ತಂದ. 1576ರಲ್ಲಿ ಅವನ ಮಗ ಮತ್ತೆ ಲೂಥರನ್ ಮಾಡಿದ. 1583ರಲ್ಲಿ ಮತ್ತೆ ಕ್ಯಾಲ್ವಿನ್. ಜನರನ್ನ ಯಾರೂ ಕೇಳಲಿಲ್ಲ.

ಒಪ್ಪದವರು ಆಸ್ತಿ ಮಾರಿ ನಾಡು ಬಿಡಬಹುದು ಅನ್ನೋ ಕಲಮು ಇತ್ತು, ನಿಜ. ಆದರೆ ಜೀತದಾಳು ಬಿಡುಗಡೆಯ ಹಣ ಕಟ್ಟಬೇಕಿತ್ತು. ಅವನ ಮೇಲೆ ಒಡೆಯನಿಗಿದ್ದ ಹಕ್ಕನ್ನ ಒಪ್ಪಂದ ಮುಟ್ಟಲೇ ಇಲ್ಲ. ಮಾರೋಕೆ ಏನೂ ಇಲ್ಲದವನು ಎಲ್ಲಿಗೆ ಹೋಗಬೇಕು? ಆಸ್ತಿ ಇದ್ದೋರಿಗಷ್ಟೇ ದಕ್ಕೋ ಮನಸ್ಸಾಕ್ಷಿಯ ಹಕ್ಕನ್ನ ನಾನಂತೂ ಸ್ವಾತಂತ್ರ್ಯ ಅನ್ನಲ್ಲ.