ಥರ್ಮಾಕೋಲಿಗೆ ಹತ್ತು, ಯೋಚನೆಗೆ ಸೊನ್ನೆ

ನಮ್ಮ ಕಡೆ ಶಾಲೆಗಳಲ್ಲಿ ಮಕ್ಕಳ ‘ಸೃಜನಶೀಲತೆ’ಗೆ ಅಂಕ ಕೊಡೋ ರೀತಿ ಸರಿಯಿಲ್ಲ. ಇದನ್ನ ಮೆತ್ತಗೆ ಹೇಳಿ ಪ್ರಯೋಜನವೂ ಇಲ್ಲ. ಎರಡು ಕಡೆಯಿಂದ ತಪ್ಪಾಗ್ತಿದೆ. ಕಣ್ಣಿಗೆ ಹೊಸದಾಗಿ ಕಂಡಿದ್ದಕ್ಕೆಲ್ಲ ಅಂಕ ಸುರೀತಾರೆ. ಅದೇ ಮಗು ಲೆಕ್ಕದ ನೋಟ್‌ಬುಕ್ಕಿನಲ್ಲಿ ಪುಸ್ತಕದಲ್ಲಿಲ್ಲದ ದಾರಿ ಹಿಡಿದರೆ ಕೆಂಪು ಗೀಟು ಎಳೀತಾರೆ. ಹೊಸದು ಬೇಕು ಅಂತ ಬಾಯಲ್ಲಿ ಹೇಳೋದು, ನಿಜವಾಗಿ ಹೊಸದು ಬಂದಾಗ ಹೊಡೆದು ಹಾಕೋದು, ಇದು ಯಾವ ನ್ಯಾಯ?

ಕಾನೂನು ಹೀಗೆ ಮಾಡಿ ಅಂತ ಹೇಳಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ವಿಷಯ ಎಷ್ಟು ಅರ್ಥವಾಗಿದೆ, ಅದನ್ನ ಬಳಸೋಕೆ ಬರುತ್ತಾ ಅಂತ ನೋಡಿ ಅನ್ನುತ್ತೆ. ಅದಾದ ಮೇಲೆ ತಮಿಳುನಾಡಿನಲ್ಲಿ 2012-13ರಲ್ಲಿ ಎಂಟನೇ ಕ್ಲಾಸಿನವರೆಗೆ ನಿರಂತರ ಮತ್ತು ಸಮಗ್ರ ಮೌಲ್ಯಮಾಪನ ಬಂತು. ನೂರು ಅಂಕದಲ್ಲಿ 60 ಅವಧಿ ಕೊನೆಯ ಪರೀಕ್ಷೆಗೆ, ಉಳಿದ 40 ನಡುವೆ ಮಾಡೋ ಚಟುವಟಿಕೆಗೂ ಸಣ್ಣ ಪರೀಕ್ಷೆಗೂ. ಉದ್ದೇಶ ಒಳ್ಳೇದೇ. ಆದರೆ ಚಟುವಟಿಕೆ ಅನ್ನೋ ಮಾತು ಮನೆಗೆ ಬಂದು ಸೇರೋ ಹೊತ್ತಿಗೆ ಚಾರ್ಟು, ಥರ್ಮಾಕೋಲು, ಮಿಣುಕು ಪುಡಿ ಆಗಿಹೋಯ್ತು. ರಾತ್ರಿ ಹತ್ತು ಗಂಟೆಗೆ ಅಪ್ಪ ಕತ್ತರಿಸ್ತಾನೆ, ಅಮ್ಮ ಅಂಟಿಸ್ತಾಳೆ, ಮಗು ನಿದ್ದೆ ಮಾಡ್ತದೆ. ಬೆಳಿಗ್ಗೆ ಅಂಕ ಬರೋದು ಮಗುವಿಗೆ.

ಒಟ್ಟಾರೆ ಬೈದರೆ ಯಾರಿಗೂ ಏನೂ ತಿಳಿಯಲ್ಲ. ಒಂದೇ ಒಂದು ಲೆಕ್ಕ ತಗೊಂಡು ನೋಡೋಣ. ಧಾರಾಪುರಂ ಸುತ್ತ ಹೊಲ ಇರೋರಿಗೆಲ್ಲ ಅರ್ಥವಾಗೋ ಲೆಕ್ಕ.

ಒಂದು ಹೊಲ ಇದೆ ಅಂತ ಇಟ್ಟುಕೊಳ್ಳಿ. ವಾಯ್ಕಾಲ್ ಕಡೆ ಬದು 140 ಮೀಟರ್. ಅದಕ್ಕೆ ಎದುರಿಗೆ, ಸಮಾನಾಂತರವಾಗಿ ಇರೋ ಮೇಲಿನ ಬದು 80 ಮೀಟರ್. ಎರಡು ಪಕ್ಕದ ಓರೆ ಬದುಗಳು ತಲಾ 50 ಮೀಟರ್. ಕೆಳಗಿನ ಬದುವಿನಿಂದ ಮೇಲಿನ ಬದುವಿಗೆ ನೆಟ್ಟಗೆ ಅಳೆದರೆ 40 ಮೀಟರ್. ಇಂಥ ಆಕಾರಕ್ಕೆ ಪುಸ್ತಕದಲ್ಲಿ ತ್ರಾಪಿಜ್ಯ ಅಂತ ಹೆಸರು. ಎಂಟನೇ ಕ್ಲಾಸಿನ ಐದು ಮಕ್ಕಳಿಗೆ ಇದರ ವಿಸ್ತೀರ್ಣ ಕಂಡುಹಿಡೀರಿ ಅಂತ ಕೊಟ್ಟರು ಅನ್ನಿ.

ಮೊದಲನೇ ಮಗು ಪುಸ್ತಕದ ಸೂತ್ರ ಹಾಕಿತು. 140 ಮತ್ತು 80 ಕೂಡಿಸಿ, ಅರ್ಧ ಮಾಡಿ, 40ರಿಂದ ಗುಣಿಸಿತು. 4400 ಚದರ ಮೀಟರ್ ಬಂತು.

ಎರಡನೇ ಮಗು ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು ಹೊಲವನ್ನ ಎರಡು ತ್ರಿಭುಜ ಮಾಡಿತು. ಒಂದರ ಪಾದ 140, ಇನ್ನೊಂದರದು 80, ಎರಡಕ್ಕೂ ಎತ್ತರ 40. ಒಂದು 2800, ಇನ್ನೊಂದು 1600. ಕೂಡಿದರೆ 4400.

ಮೂರನೇ ಮಗು ಒಂದು ತುದೀಲಿ ಓರೆಯಾಗಿ ಚಾಚಿಕೊಂಡಿರೋ ತುಂಡನ್ನ ಕತ್ತರಿಸಿ, ತಿರುಗಿಸಿ ಇನ್ನೊಂದು ತುದಿಗೆ ಜೋಡಿಸಿದ ಹಾಗೆ ಚಿತ್ರ ಬರೀತು. ಆ ತುಂಡಿನ ಪಾದ 30 ಮೀಟರ್. 140ರಲ್ಲಿ 30 ಹೋದರೆ 110, ಮೇಲಿನ 80ಕ್ಕೆ 30 ಸೇರಿದರೆ ಅದೂ 110. ಈಗ ಹೊಲ 110ಕ್ಕೆ 40ರ ಆಯತ. ಅದೇ 4400.

ನಾಲ್ಕನೇ ಮಗು ಮನೇಲಿ ತಾತ ಅಳೀತಿದ್ದ ಹಾಗೆ ಅಳೀತು. ಎದುರುಬದುರು ಬದುಗಳನ್ನ ಕೂಡಿಸಿ ಅರ್ಧ ಮಾಡೋದು, ಹಾಗೇ ಪಕ್ಕದವನ್ನೂ ಮಾಡೋದು, ಎರಡನ್ನೂ ಗುಣಿಸೋದು. 110ನ್ನ 50ರಿಂದ ಗುಣಿಸಿ 5500 ಅಂತ ಬರೀತು.

ಐದನೇ ಮಗು ಥರ್ಮಾಕೋಲಿನಲ್ಲಿ ಹೊಲ ಮಾಡಿ, ಹಸಿರು ಬಣ್ಣ ಹಚ್ಚಿ, ಬಾವಿ ಇಟ್ಟು, ಒಂದು ಕಾಂಗೇಯಂ ಎತ್ತನ್ನೂ ನಿಲ್ಲಿಸಿ, ಕೆಳಗೆ ‘4400’ ಅಂತ ಬರೀತು. ಹೇಗೆ ಬಂತು ಅಂತ ಒಂದು ಸಾಲೂ ಇಲ್ಲ.

ಈಗ ಸಾಮಾನ್ಯವಾಗಿ ಅಂಕ ಹೇಗೆ ಬೀಳ್ತವೆ ನೋಡಿ. ಐದನೇದಕ್ಕೆ ಹತ್ತಕ್ಕೆ ಹತ್ತು, ಜೊತೆಗೆ ಪ್ರದರ್ಶನದಲ್ಲಿ ಜಾಗ. ಒಂದನೇದಕ್ಕೆ ‘ಸರಿ’, ಆದರೆ ಹೊಸತನ ಇಲ್ಲ ಅಂತ ಎರಡು ಅಂಕ ಕಮ್ಮಿ. ಎರಡು, ಮೂರಕ್ಕೆ ‘ಕ್ಲಾಸಿನಲ್ಲಿ ಹೇಳಿಕೊಟ್ಟ ವಿಧಾನ ಅಲ್ಲ’ ಅಂತ ಅರ್ಧ. ನಾಲ್ಕನೇದಕ್ಕೆ ಸೊನ್ನೆ, ಜೊತೆಗೆ ಒಂದು ಬೈಗುಳ.

ಆ ಎರಡನೇ ಮಗು ಮಾಡಿದ್ದೇನು ಗೊತ್ತೆ? ಸರ್ವೇ ಇಲಾಖೆಯವರು ಮಾಡೋದನ್ನೇ. ನಿಮ್ಮ ಜಮೀನಿನ ಎಫ್.ಎಂ.ಬಿ. ನಕ್ಷೆ ಪೆಟ್ಟಿಗೆಯಿಂದ ತೆಗೆದು ನೋಡಿ. ಹೊಲದ ಒಳಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ತ್ರಿಭುಜಗಳಾಗಿ ಒಡೆದು, ಆ ಗೆರೆಯಿಂದ ಬದುವಿಗೆ ಅಡ್ಡ ಅಳತೆ ಹಾಕಿರ್ತಾರೆ. ಪಟ್ಟಾ ಜಮೀನನ್ನ ಅಳೆಯೋಕೆ ಸರ್ಕಾರಕ್ಕೆ ಸಾಕಾಗೋ ದಾರಿ, ಎಂಟನೇ ಕ್ಲಾಸಿನ ನೋಟ್‌ಬುಕ್ಕಿಗೆ ಸಾಲದೆ?

ನಾಲ್ಕನೇ ಮಗುವಿನ ವಿಷಯ ಬೇರೆ. ಅದರ ಉತ್ತರ ತಪ್ಪು. ಹೊಸ ದಾರಿ ಅಂತ ಕನಿಕರ ತೋರಿಸಿ ಅಂಕ ಕೊಡೋದೂ ಮಗುವಿಗೆ ಮಾಡೋ ಮೋಸವೇ. 1100 ಚದರ ಮೀಟರ್ ಜಾಸ್ತಿ ಅಂದರೆ ಹತ್ತಿರ ಹತ್ತಿರ 27 ಸೆಂಟು. ಈ ಲೆಕ್ಕ ನಂಬಿ ಕ್ರಯ ಮಾಡಿಕೊಂಡವನು ಇಲ್ಲದ 27 ಸೆಂಟಿಗೆ ದುಡ್ಡು ಕೊಟ್ಟಿರ್ತಾನೆ. ಆದರೆ ಈ ತಪ್ಪು ಸೋಮಾರಿಯ ತಪ್ಪಲ್ಲ. ಹಗ್ಗ ಹಿಡಿದು ನಾಲ್ಕು ಬದು ಅಳೆಯೋದು ಸುಲಭ, ನೆಟ್ಟಗಿನ ಅಳತೆ ಹಿಡಿಯೋದು ಕಷ್ಟ. ಅದಕ್ಕೇ ಊರುಗಳಲ್ಲಿ ಈ ಪದ್ಧತಿ ಬಂತು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ತನ್ನ ಗ್ರಂಥದಲ್ಲಿ ಇದೇ ಲೆಕ್ಕವನ್ನ ಸ್ಥೂಲ, ಅಂದರೆ ಅಂದಾಜಿನದು, ಅಂತ ಹೇಳಿ, ಅದರ ಜೊತೆಗೇ ನಿಖರವಾದ ಇನ್ನೊಂದು ಸೂತ್ರ ಕೊಟ್ಟಿದ್ದಾನೆ. ಆ ಸೂತ್ರ ಎಲ್ಲ ಹೊಲಕ್ಕೂ ಆಗಲ್ಲ, ನಾಲ್ಕು ಮೂಲೆಯೂ ಒಂದೇ ವೃತ್ತದ ಮೇಲೆ ಬರೋ ಆಕಾರಕ್ಕೆ ಮಾತ್ರ. ನಮ್ಮ ಹೊಲ ಅಂಥದ್ದೇ. ಅದನ್ನ ಹಾಕಿದರೆ ಸರಿಯಾಗಿ 4400 ಬರುತ್ತೆ.

ಈ ಮಗುವಿಗೆ ಬೇಕಾಗಿರೋದು ಸೊನ್ನೆಯೂ ಅಲ್ಲ, ಶಭಾಷೂ ಅಲ್ಲ, ಒಂದು ಪರೀಕ್ಷೆ. ನಾಲ್ಕು ಕಡ್ಡಿ ಕಟ್ಟಿ ಆಯತ ಮಾಡಿಸಿ. ತಾತನ ಲೆಕ್ಕ ಅಲ್ಲಿ ಸರಿಯಾಗೇ ಬರುತ್ತೆ. ಈಗ ಮೂಲೆ ಹಿಡಿದು ಒಂದು ಪಕ್ಕಕ್ಕೆ ವಾಲಿಸಿ. ಕಡ್ಡಿಗಳ ಉದ್ದ ಬದಲಾಗಲಿಲ್ಲ, ಹಾಗಾಗಿ ತಾತನ ಲೆಕ್ಕ ಮೊದಲಿನಷ್ಟೇ ಹೇಳುತ್ತೆ. ಒಳಗಿನ ಜಾಗ ಮಾತ್ರ ಕಣ್ಣೆದುರಿಗೇ ಕಿರಿದಾಗ್ತಾ ಹೋಗುತ್ತೆ. ಮೂಲೆ ನೆಟ್ಟಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತೆ ಅಂತ ಮಗುವೇ ಹೇಳಿದರೆ, ಅದು ಸೂತ್ರ ಬಾಯಿಪಾಠ ಮಾಡಿದವನಿಗಿಂತ ಜಾಸ್ತಿ ಕಲಿತಿದೆ.

ಹಾಗಾದರೆ ಅಂಕ ಹೇಗೆ ಕೊಡೋದು? ನಾನು ಹೇಳೋದು ಮೂರು ಕಾಲಂ. ಹತ್ತರಲ್ಲಿ ನಾಲ್ಕು, ಕೇಳಿದ್ದಕ್ಕೆ ಸರಿಯಾದ ಉತ್ತರ ಬಂದಿದೆಯಾ ಅನ್ನೋದಕ್ಕೆ. ನಾಲ್ಕು, ಪ್ರತಿ ಹೆಜ್ಜೆಗೂ ಕಾರಣ ಇದೆಯಾ ಅನ್ನೋದಕ್ಕೆ. ಉಳಿದ ಎರಡು, ಈ ದಾರಿಯನ್ನೇ ಯಾಕೆ ಹಿಡಿದೆ ಅಂತ ಮಗು ಹೇಳಬಲ್ಲದಾ ಅನ್ನೋದಕ್ಕೆ.

ಕೊನೆಯ ಎರಡು ಅಂಕ ವಿಚಿತ್ರವಾಗಿ ಮಾಡಿದವನಿಗೆ ಅಂತ ಮೀಸಲಲ್ಲ, ಇದನ್ನ ಗಮನಿಸಿ. ‘ಎರಡು ಸಮಾನಾಂತರ ಬದುವೂ ಗೊತ್ತಿದೆ, ಎತ್ತರವೂ ಗೊತ್ತಿದೆ, ಅದಕ್ಕೇ ಸೂತ್ರ ಹಾಕಿದೆ, ಇದೇ ಹತ್ತಿರದ ದಾರಿ’ ಅಂತ ಒಂದನೇ ಮಗು ಬರೆದರೆ ಅದಕ್ಕೂ ಎರಡು ಸಿಗಬೇಕು. ನಡೆದ ದಾರಿಯಲ್ಲೇ ತಿಳಿದು ನಡೆಯೋದು ಅಪರಾಧ ಅಲ್ಲ. ಹೀಗೆ ನೋಡಿದರೆ ಮೊದಲ ಮೂವರಿಗೂ ಹತ್ತು ಬರೋಕೆ ಸಾಧ್ಯ. ನಾಲ್ಕನೇದಕ್ಕೆ ಉತ್ತರದ ಕಾಲಮ್ಮಿನಲ್ಲಿ ಸೊನ್ನೆ, ಕಾರಣಕ್ಕೆ ಒಂದು, ದಾರಿ ಹಿಡಿದದ್ದಕ್ಕೆ ಒಂದು, ಕಡ್ಡಿ ಪರೀಕ್ಷೆ ಆದ ಮೇಲೆ ತಿದ್ದಿ ಬರೆಯೋಕೆ ಇನ್ನೊಂದು ಅವಕಾಶ. ಐದನೇದಕ್ಕೆ ನಾಲ್ಕು, ಅಷ್ಟೆ. ಎತ್ತು ಚೆನ್ನಾಗಿದೆ, ಆದರೆ ಎತ್ತಿಗೆ ಕಾಲಂ ಇಲ್ಲ.

ಅಪರೂಪವಾದ್ದು ಅಂದರೆ ಅದೇ ಸೃಜನಶೀಲ ಅಂತ ಕೆಲವರು ವಾದ ಮಾಡ್ತಾರೆ. ಅಮೆರಿಕದ ಟಾರೆನ್ಸ್ 1966ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಎಷ್ಟು ಕಮ್ಮಿ ಜನ ಆ ಉತ್ತರ ಕೊಡ್ತಾರೋ ಅಷ್ಟು ಸ್ವಂತಿಕೆ ಅಂತ ಎಣಿಸೋ ಭಾಗ ಇದೆ, ನಿಜ. ಅದು ದೊಡ್ಡ ಗುಂಪಿನ ಮಕ್ಕಳಿಗೆ ಮಾಡೋ ಪರೀಕ್ಷೆ. ಅದನ್ನ ನಲವತ್ತು ಮಕ್ಕಳ ಕ್ಲಾಸಿಗೆ ತಂದರೆ ಏನಾಗುತ್ತೆ? ತ್ರಿಭುಜ ಮಾಡೋ ದಾರಿ ಹತ್ತು ಮಕ್ಕಳಿಗೆ ತಾವಾಗೇ ಹೊಳೆದರೆ, ಹತ್ತು ಜನಕ್ಕೂ ಅಂಕ ಕಮ್ಮಿ ಆಗುತ್ತೆ. ಯಾರೂ ಮಾಡದ ಅರ್ಥವಿಲ್ಲದ ಕೆಲಸ ಮಾಡಿದವನಿಗೆ ಜಾಸ್ತಿ. ನೆಗಮಂ ಕಡೆ ಮಗ್ಗದವರನ್ನ ಕೇಳಿ. ಯಾರೂ ಹಾಕದ ಅಂಚು ಹಾಕಿದೆ ಅಂದ ಮಾತ್ರಕ್ಕೆ ಯಾರೂ ಸೀರೆ ಕೊಳ್ಳಲ್ಲ. ಅಂಚು ಮೈಯಿಗೆ ಹೊಂದಬೇಕು, ಉದ್ದಕ್ಕೂ ತಪ್ಪದೆ ಬರಬೇಕು. ಹೊಸದಾಗಿರಬೇಕು, ಹೊಂದಲೂ ಬೇಕು. ಎರಡರಲ್ಲಿ ಒಂದು ಬಿಟ್ಟರೂ ಕೆಲಸ ಕೆಟ್ಟಿತು.

‘ನಲವತ್ತು ಮಕ್ಕಳನ್ನ ಒಬ್ಬೊಬ್ಬರಾಗಿ ಕೇಳ್ತಾ ಕೂರೋಕೆ ಆಗುತ್ತಾ?’ ಅಂತ ವಾದ್ಯಾರುಗಳು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲರನ್ನೂ ಕೇಳಬೇಕಾಗಿಲ್ಲ. ‘ಈ ದಾರಿ ಯಾಕೆ?’ ಅಂತ ಎರಡು ಸಾಲು ಬರೆಸಿದರೆ ಮುಕ್ಕಾಲು ಮಕ್ಕಳದು ಅಲ್ಲೇ ತೀರುತ್ತೆ. ದಾರಿ ಅರ್ಥವಾಗದಿದ್ದಾಗ, ಕೆಂಪು ಪೆನ್ನು ಎತ್ತೋ ಮುಂಚೆ, ಆ ಮೂರೋ ನಾಲ್ಕೋ ಮಕ್ಕಳನ್ನ ಕರೆದು ಅಂಕಿ ಬದಲಾಯಿಸಿ ಇನ್ನೊಂದು ಹೊಲ ಕೊಡಿ. ದಾರಿ ಅದರದ್ದೇ ಆಗಿದ್ದರೆ ಮತ್ತೆ ಮಾಡಿ ತೋರಿಸುತ್ತೆ. ಯಾರೋ ಹೇಳಿಕೊಟ್ಟದ್ದಾಗಿದ್ದರೆ ಅಲ್ಲೇ ನಿಂತುಬಿಡುತ್ತೆ. ಆಗಲೂ ಅನುಮಾನ ಇದ್ದರೆ, ಇನ್ನೊಬ್ಬ ವಾದ್ಯಾರಿಗೆ ಹೆಸರು ಮುಚ್ಚಿ ಅದೇ ನೋಟ್‌ಬುಕ್ಕು ಕೊಡಿ. ಇಬ್ಬರ ಅಂಕ ದೂರ ದೂರ ಬಂದರೆ ಯಾಕೆ ಅಂತ ಕೂತು ಮಾತಾಡಿ.

ಇಲ್ಲಿ ನಮ್ಮ ಮಕ್ಕಳದೇ ಒಂದು ಕಷ್ಟ ಇದೆ. ಮನೇಲಿ ಕನ್ನಡ, ಶಾಲೇಲಿ ತಮಿಳು. ಯೋಚನೆ ಮನೆಮಾತಿನಲ್ಲಿ ಓಡುತ್ತೆ, ಬರೆಯೋವಾಗ ಮಾತು ತಡೆಯುತ್ತೆ. ಕಾರಣಕ್ಕೆ ನಾಲ್ಕು ಅಂಕ ಇಟ್ಟು, ಕಾರಣವನ್ನ ಚೆಂದದ ತಮಿಳಿನಲ್ಲೇ ಬರೀಬೇಕು ಅಂದರೆ ನಾವು ಅಳೆಯೋದು ಭಾಷೆಯನ್ನ, ಲೆಕ್ಕವನ್ನಲ್ಲ. ಚಿತ್ರ ಬರೆದು ತೋರಿಸಲಿ, ಕೈಯಲ್ಲಿ ಕಾಗದ ಮಡಿಸಿ ತೋರಿಸಲಿ, ಕನ್ನಡದಲ್ಲಿ ಹೇಳಲಿ. ಭಾಷೆಯ ಅಂಕ ಭಾಷೆಯ ಪರೀಕ್ಷೆಯಲ್ಲಿ ಕೊಡಿ.

‘ಹತ್ತನೇ ಕ್ಲಾಸ್ ಪರೀಕ್ಷೆಯಲ್ಲಿ ಹೀಗೆಲ್ಲ ಬರೆದರೆ ಅಂಕ ಹೋಗಲ್ವಾ?’ ಅಂತ ಹೆತ್ತವರು ಹೆದರ್ತಾರೆ. ಪ್ರಶ್ನೆಯಲ್ಲೇ ‘ಸೂತ್ರ ಬಳಸಿ’ ಅಂತ ಇದ್ದರೆ ಸೂತ್ರವನ್ನೇ ಬಳಸಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗೆ ಹೇಳದೆ ಇದ್ದಾಗ ಬೇರೆ ಸರಿಯಾದ ದಾರಿಗೆ ಪೂರ್ತಿ ಅಂಕ ಕೊಡೋದೇ ನ್ಯಾಯ. ಅದಕ್ಕೇ ವಾದ್ಯಾರುಗಳು ಕೆಲಸ ಕೊಡೋವಾಗಲೇ ಎರಡು ಮಾತು ಬೋರ್ಡಿನ ಮೇಲೆ ಬರೀಬೇಕು: ಇದರಲ್ಲಿ ಏನು ಕಡ್ಡಾಯ, ಏನು ನಿಮ್ಮ ಇಷ್ಟ. ಕಡ್ಡಾಯ ಅಂತ ಬರೆಯದೇ ಇದ್ದದ್ದಕ್ಕೆ ಆಮೇಲೆ ಅಂಕ ಕಡಿಯೋ ಹಕ್ಕು ಯಾರಿಗೂ ಇಲ್ಲ.

ಹೆತ್ತವರಿಗೂ ಒಂದು ಮಾತು. ಮುಂದಿನ ಸಲ ಮಗು ಚಾರ್ಟು ಬೇಕು ಅಂದರೆ ಅಂಗಡಿಗೆ ಓಡಬೇಡಿ. ಮನೇಲಿರೋ ಎಫ್.ಎಂ.ಬಿ. ನಕ್ಷೆ ಕೊಟ್ಟು, ನಮ್ಮ ಹೊಲ ಎಷ್ಟಿದೆ ಅಂತ ನೀನೇ ಲೆಕ್ಕ ಹಾಕು ಅನ್ನಿ. ಮಗು ಬರೆದದ್ದನ್ನ ಹಾಗೇ ಶಾಲೆಗೆ ಕಳಿಸಿ. ಅದಕ್ಕೆ ಅಂಕ ಕಮ್ಮಿ ಬಂದರೆ ಹೋಗಿ ಕೇಳಿ: ಯಾವ ಹೆಜ್ಜೆ ತಪ್ಪು, ತೋರಿಸಿ. ತೋರಿಸಿದರೆ ಒಪ್ಪಿಕೊಂಡು ಬನ್ನಿ. ತೋರಿಸೋಕೆ ಆಗದಿದ್ದರೆ ಅಂಕ ಕೇಳಿ ಪಡೆದು ಬನ್ನಿ.