ಮಸುಕಾದ ನಂಬರ್ ಪ್ಲೇಟ್ ಮರೆಯಾದಂತಲ್ಲ

2025ರ ನವೆಂಬರ್‌ನಲ್ಲಿ ಹೊರಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮಗಳು ಮಾಹಿತಿಯನ್ನು ಅಸ್ಪಷ್ಟಗೊಳಿಸಿ, ಮರೆಮಾಚಿ ಎನ್ನುತ್ತವೆ. ಎಷ್ಟು ಅಸ್ಪಷ್ಟವಾದರೆ ಸಾಕು ಎನ್ನುವುದಿಲ್ಲ. ಬೀದಿಯ ಫೋಟೊಗಳ ಮಟ್ಟಿಗೆ ಈ ಮೌನ ದುಬಾರಿ. ನಂಬರ್ ಪ್ಲೇಟನ್ನು ಮಸುಕು ಮಾಡಿದರೂ ಅಷ್ಟೆ, ಪಿಕ್ಸೆಲ್ ಚೌಕಗಳಾಗಿ ಒಡೆದರೂ ಅಷ್ಟೆ, ಅದು ಮರೆಯಾಗುವುದಿಲ್ಲ. ಅಳಿಸಿ ಆ ಜಾಗದಲ್ಲಿ ಬೇರೇನನ್ನಾದರೂ ಕೂರಿಸಬೇಕು.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಖ್ಯೆ 108. ‘ಕೆಎ’ ಆದ ಮೇಲೆ ಎರಡು ಅಂಕಿ, ಎರಡು ಅಕ್ಷರ, ನಾಲ್ಕು ಅಂಕಿ. ಸೊನ್ನೆ, ಒಂದುಗಳಂತೆ ಕಾಣುವ ಎರಡು ಅಕ್ಷರ ಬಿಟ್ಟರೆ ಉಳಿಯುವುದು 24. ಒಟ್ಟು ಜೋಡಣೆಗಳು 57 ಕೋಟಿ ದಾಟುವುದರಿಂದ ಕಾರಿನ ಮಾಲೀಕರು ನಿಶ್ಚಿಂತರಾಗಿದ್ದಾರೆ. ಆದರೆ ಹುಡುಕುವವನು ಒಂದೊಂದು ಸ್ಥಾನವನ್ನೂ ಬೇರೆಯಾಗಿ ನೋಡುತ್ತಾನೆ: ಆರು ಅಂಕಿಗೆ 60, ಎರಡು ಅಕ್ಷರಕ್ಕೆ 48, ಒಟ್ಟು 108 ಹೋಲಿಕೆ. ಅತಿ ಸುರಕ್ಷಿತ ಪ್ಲೇಟಿನ ಉದ್ದ 500 ಮಿ.ಮೀ., ಅಕ್ಷರದ ಎತ್ತರ 65 ಮಿ.ಮೀ. ಫೋಟೊದಲ್ಲಿ ಆ ಪ್ಲೇಟು 100 ಪಿಕ್ಸೆಲ್ ಅಗಲವಿದ್ದು, ಅದನ್ನು ನಾಲ್ಕು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದಿದ್ದಾರೆ ಎನ್ನಿ. ಒಂದು ಅಂಕಿಯ ಪಾಲಿಗೆ ಸುಮಾರು ಆರು ಬೂದು ಚೌಕಗಳು ಉಳಿಯುತ್ತವೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಅದೇ ಅಚ್ಚಿನಲ್ಲಿ, ಅದೇ ಕೋನದಲ್ಲಿ ಬರೆದು, ಹಾಗೆಯೇ ಚೌಕಗಳಾಗಿಸಿ ಹೋಲಿಸಿದರೆ ಯಾವುದು ಹತ್ತಿರವೆಂದು ತಿಳಿಯುತ್ತದೆ. ಚೌಕವೊಂದು ಎರಡು ಅಂಕಿಗಳ ಮೇಲೆ ಹರಡಿದ್ದರೆ ಜೋಡಿಯಾಗಿ ಹೋಲಿಸಬೇಕು. ಹತ್ತರ ಬದಲು ನೂರು, ಅಷ್ಟೆ. ಮಸುಕಿಗೂ ಇದೇ ಉಪಾಯ, ಏಕೆಂದರೆ ಅದು ಪ್ರತಿ ಪಿಕ್ಸೆಲನ್ನು ನೆರೆಯವುಗಳಿಗೆ ಹಂಚುವ ನಿಶ್ಚಿತ ಲೆಕ್ಕ. ನಕಲಿ ತಡೆಯಲೆಂದು ತಂದ ಏಕರೂಪದ ಅಚ್ಚೇ ಇಲ್ಲಿ ಕಳ್ಳನ ಕೈಗೆ ಕೀಲಿ ಕೊಡುತ್ತಿದೆ!

ಧೂಳು, ಓರೆ ಕೋನ, ಚಿತ್ರವನ್ನು ಕುಗ್ಗಿಸಿದಾಗಿನ ನಷ್ಟ ಎಲ್ಲವೂ ಉತ್ತರವನ್ನು ಕೆಡಿಸುತ್ತವೆ, ನಿಜ. ಆಗ ಒಂದರ ಬದಲು ನಾಲ್ಕಾರು ನಂಬರ್ ಉಳಿದಾವು. ಕಾರಿನ ಬಣ್ಣ, ಮಾದರಿ ನೋಡಿದರೆ ಅವೂ ಕಡಿಮೆಯಾಗುತ್ತವೆ. ಚೌಕವನ್ನೇ ಪ್ಲೇಟಿನಷ್ಟು ದೊಡ್ಡದಾಗಿಸಿದರೆ ಏನೂ ಸಿಗದು. ಆದರೆ ಅದು ಬಣ್ಣ ಬಳಿದಂತೆಯೇ ಆಯಿತಲ್ಲ?

ಅದೇ ಫೋಟೊಗಳಲ್ಲಿ ಮಸುಕಾಗುವ ಮುಖಗಳಿಗೆ ಅಂಕಿಗಳಂತೆ ಹತ್ತರ ಪಟ್ಟಿ ಇಲ್ಲ ಎಂಬ ವಾದ ಅರ್ಧ ಸರಿ. ಹುಡುಕುವವನಿಗೆ ಇಡೀ ಊರು ಬೇಕಿಲ್ಲ; ತನ್ನ ಇಪ್ಪತ್ತು ನೌಕರರಲ್ಲಿ ಒಂದು ಮೆರವಣಿಗೆಯಲ್ಲಿದ್ದವರು ಯಾರು ಎಂಬುದಷ್ಟೇ ಸಾಕು. ಮುಖವನ್ನು ಮೊದಲಿನಂತಾಗಿಸದೆಯೇ, ಚೌಕಗಳಾಗಿಸಿದ ಮುಖಗಳಿಂದಲೇ ವ್ಯಕ್ತಿಗಳನ್ನು ಗುರುತಿಸಲು ಯಂತ್ರಕ್ಕೆ ಕಲಿಸಬಹುದೆಂದು ಅಮೆರಿಕದ ಸಂಶೋಧಕರು 2016ರಲ್ಲೇ ತೋರಿಸಿದ್ದಾರೆ.

ಮರೆಮಾಚುವ ವಿಧಾನಕ್ಕಿಂತ, ಮರೆಮಾಚಬೇಕಾದ ಮುಖ, ಪ್ಲೇಟುಗಳ ಪತ್ತೆಯೇ ದೊಡ್ಡ ಸಮಸ್ಯೆ ಎನ್ನುವವರಿದ್ದಾರೆ. ಗೂಗಲ್ ಎಂಜಿನಿಯರರ 2009ರ ಪ್ರಬಂಧದ ಪ್ರಕಾರ ಸ್ಟ್ರೀಟ್ ವ್ಯೂ ಹಿಡಿದದ್ದು ಶೇ 89ರಷ್ಟು ಮುಖಗಳನ್ನು. ಆದರೆ ತಪ್ಪಿಹೋದ ಮುಖ ಕಣ್ಣಿಗೆ ಬೀಳುತ್ತದೆ, ದೂರು ಕೊಡಬಹುದು. ಮಸುಕಾದ ಪ್ಲೇಟಿನ ಬಗ್ಗೆ ಯಾರೂ ದೂರುವುದಿಲ್ಲ. ಇನ್ನು ಬದಲಿ ಕೂರಿಸುವುದರಲ್ಲೂ ಎಡವಟ್ಟಿದೆ: ಮನಬಂದ ನಂಬರ್ ಬರೆದರೆ ಅದು ಇನ್ಯಾರದೋ ಗಾಡಿಯದಾಗಿರಬಹುದು. ಮೂಲ ಮುಖವನ್ನೇ ತುಸು ತಿದ್ದಿ ಹೊಸದನ್ನು ಮಾಡಿದರೆ ಹಳೆಯ ಚಹರೆ ಅದರಲ್ಲಿ ಉಳಿಯುತ್ತದೆ. ಹಾಗಾಗಿ ಮುಖಕ್ಕೆ ಒಂದೇ ಬಣ್ಣದ ತುಂಡು, ಪ್ಲೇಟಿಗೆ ಅದೇ ತುಂಡು ಇಲ್ಲವೇ ಆರ್‌ಟಿಒ ಎಂದೂ ಕೊಡದ ‘0000’ ಸಾಕು. ಚಿತ್ರ ಅಂದಗೆಡುತ್ತದೆ, ಕೆಡಲಿ.