ಬ್ರೋಕರ್ ಮಾರ್ತಾನೆ ಬಿಡು ಅನ್ನೋದು ಪ್ಲಾನ್ ಅಲ್ಲ

ಕುಮಾರಪಟ್ಟಣದ ನಮಗೆಲ್ಲ ಗ್ರಾಸಿಂ ಅಂದ್ರೆ ಫ್ಯಾಕ್ಟರಿ. ಈಗ ಕೆಲವರ ಮೊಬೈಲ್‌ನಲ್ಲಿ ಅದು ಇಂಟ್ರಾಡೇ ಷೇರು ಕೂಡ. ಕೈಯಲ್ಲಿ 10,000 ರೂಪಾಯಿ ಇದ್ದರೆ ಐದು ಪಟ್ಟು ಲೆವರೇಜ್‌ನಲ್ಲಿ 50,000ದ ಷೇರು ಕೊಳ್ಳಬಹುದು. ಬೆಲೆ ಶೇ. 4 ಇಳಿದರೆ ಹೋಗೋದು 2,000, ಅಂದ್ರೆ ನಮ್ಮ ದುಡ್ಡಿನ ಐದನೇ ಒಂದು ಭಾಗ. "ಸಂಜೆ ಬ್ರೋಕರೇ ಮಾರ್ತಾನೆ ಬಿಡು" ಅಂತ ಕ್ಲಾಸಿಗೆ ಹೋಗುವವರ ಜತೆ ನಮ್ಮ ತಕರಾರು ಇಲ್ಲೇ.

ಆಟೋ ಸ್ಕ್ವೇರ್-ಆಫ್ ಎಂಬುದು ಬರೀ ಒಂದು ಆರ್ಡರ್. ಅದು ನಡೆಯಬೇಕಾದರೆ ಎಕ್ಸ್‌ಚೇಂಜ್ ಓಡುತ್ತಿರಬೇಕು, ಎದುರಿಗೆ ಕೊಳ್ಳುವವರೂ ಇರಬೇಕು. 2021ರ ಫೆಬ್ರವರಿ 24ರಂದು ಎನ್‌ಎಸ್‌ಇ ಬೆಳಿಗ್ಗೆ 11:40ಕ್ಕೆ ನಿಂತುಹೋಯ್ತು. ಕಟ್-ಆಫ್ ಹತ್ತಿರ ಬಂದಾಗ ಹಲವು ಬ್ರೋಕರ್‌ಗಳು ಗ್ರಾಹಕರ ಪೊಸಿಷನ್‌ಗಳನ್ನು ಬಿಎಸ್‌ಇಯಲ್ಲಿ ಮುಗಿಸಿದರು. ಆಮೇಲೆ ಎನ್‌ಎಸ್‌ಇ 3:45ಕ್ಕೆ ಮತ್ತೆ ತೆರೆದು 5 ಗಂಟೆವರೆಗೆ ನಡೆಯಿತು, ನಿಫ್ಟಿ 274 ಪಾಯಿಂಟ್ ಏರಿ ನಿಂತಿತು. ಅಂದು ಯಾವಾಗ, ಎಲ್ಲಿ ಹೊರಬರಬೇಕು ಅನ್ನೋ ತೀರ್ಮಾನ ಅನೇಕರ ಕೈಯಲ್ಲೇ ಇರಲಿಲ್ಲ.

ಬೆಲೆ ಮಿಸುಕಾಡದಿದ್ದರೆ ಮೊದಲು ದೋಷ ಎಲ್ಲಿದೆ ನೋಡಿ. ಎನ್‌ಎಸ್‌ಇ ಬೆಲೆ ನಿಂತು ಬಿಎಸ್‌ಇಯದು ಓಡುತ್ತಿದ್ದರೆ ತೊಂದರೆ ಎಕ್ಸ್‌ಚೇಂಜ್‌ನದು ಇರಬಹುದು. ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲಿ ಬೆಲೆ ಬದಲಾಗುತ್ತಿದ್ದು ಆ್ಯಪ್‌ನಲ್ಲಿ ಮಾತ್ರ ನಿಂತಿದ್ದರೆ ಬ್ರೋಕರ್‌ನ ಟ್ರೇಡಿಂಗ್ ಡೆಸ್ಕ್‌ಗೆ ಫೋನ್ ಮಾಡಿ ಮಾರಿಸಿ. ಗಾಬರಿಯಲ್ಲಿ ಬಿಎಸ್‌ಇಯಲ್ಲಿ ನೀವೇ ಮಾರಿದರೆ ಆ್ಯಪ್ ಅದನ್ನು ಹೊಸ ಶಾರ್ಟ್ ಅಂತ ಹಿಡಿಯಬಹುದು, ಕೇಳಿಯೇ ಮಾಡಿ.

ಇನ್ನೊಂದು ಮಾತು: "ಎಕ್ಸಿಟ್" ಮತ್ತೆ ಮತ್ತೆ ಒತ್ತಬೇಡಿ, ಮೊದಲು ಆರ್ಡರ್ ಬುಕ್ ನೋಡಿ. 100 ಷೇರಿಗೆ ಹಾಕಿದ ಸ್ಟಾಪ್-ಲಾಸ್ ಇನ್ನೂ ಕಾಯುತ್ತಿರುವಾಗಲೇ ಇನ್ನೊಮ್ಮೆ 100 ಮಾರಿದರೆ, ಎರಡೂ ನಡೆದು 100 ಷೇರಿನ ಶಾರ್ಟ್ ಉಳಿಯುತ್ತೆ. ಹಳೆಯದನ್ನು ಕ್ಯಾನ್ಸಲ್ ಮಾಡಿ, ಕ್ಯಾನ್ಸಲ್ ಆಗಿದೆ ಅಂತ ಖಚಿತವಾದ ಮೇಲೆ ಹೊಸದು ಹಾಕಿ.

ಶಾರ್ಟ್ ಮಾಡಿದ ಷೇರು ಅಪ್ಪರ್ ಸರ್ಕ್ಯೂಟ್‌ಗೆ ಬಿದ್ದರೆ ಮಾತ್ರ ಫೋನೂ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಮಾರುವವರೇ ಇರಲ್ಲ. ಕೊಡಲು ಷೇರಿಲ್ಲದ ನಮ್ಮ ಪರವಾಗಿ ಎಕ್ಸ್‌ಚೇಂಜ್ ಹರಾಜಿನಲ್ಲಿ ಕೊಳ್ಳುತ್ತೆ, ಅಲ್ಲಿನ ಬೆಲೆಯನ್ನು ನಾವೇ ತೆರಬೇಕು. ಫ್ಯೂಚರ್ಸ್ ಇರುವ ಗ್ರಾಸಿಂನಂಥ ಷೇರಿಗೆ ಹಾಗೆ ಸ್ಥಿರ ಮಿತಿ ಇಲ್ಲ. ಆದ್ದರಿಂದ ಸಣ್ಣ ಷೇರುಗಳಲ್ಲಿ ಶಾರ್ಟ್ ಬೇಡವೇ ಬೇಡ ಅನ್ನೋದು ನಮ್ಮ ನಿಲುವು.

ಬ್ರೋಕರ್‌ನ ಕಟ್-ಆಫ್ 3:20 ಇದ್ದರೆ ನಮ್ಮದು 3 ಗಂಟೆ ಇರಲಿ. ಆ ಹೊತ್ತಿಗೆ ಲ್ಯಾಬ್ ಇದ್ದರೆ ಆ ದಿನ ಟ್ರೇಡ್ ಬೇಡ.